ರಾಶಿಯ ತುದಿಯಲ್ಲಿ ಅಡಗಿದ ಎಂಟು ಚೀಲ ಭತ್ತ

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಸಿಂಧನೂರಿನ ಸುತ್ತಮುತ್ತ ಸುಗ್ಗಿಯ ದಿನಗಳಲ್ಲಿ ಎಲ್ಲಿ ನೋಡಿದರೂ ಭತ್ತದ ರಾಶಿಗಳೇ. ಲಿಂಗಸುಗೂರಿನ ಕಡೆಗೆ ಹೋದರೆ ಕಣದಲ್ಲಿ ಜೋಳದ ರಾಶಿ, ಮಸ್ಕಿಯಲ್ಲಿ ಮನೆ ಕಟ್ಟುವವರ ಬಾಗಿಲ ಮುಂದೆ ಮರಳಿನ ರಾಶಿ. ಮೂರರ ಆಕಾರವೂ ಒಂದೇ, ಶಂಕು. ಕೊಳ್ಳುವವರು ದೂರದಲ್ಲಿ ನಿಂತು ‘ಇಷ್ಟು ಚೀಲ ಆದೀತು’ ಎನ್ನುತ್ತಾರೆ. ಮಾರುವವರ ಅಂದಾಜು ಬೇರೆಯೇ ಇರುತ್ತದೆ. ಹತ್ತನೆಯ ತರಗತಿಯ ಗಣಿತ ಬಲ್ಲ ಹುಡುಗನೋ ಹುಡುಗಿಯೋ ಮನೆಯಲ್ಲಿದ್ದರೆ, ಒಂದು ಅಳತೆಪಟ್ಟಿಯ ನೆರವಿನಿಂದ ಆ ಅಂದಾಜನ್ನು ಲೆಕ್ಕವಾಗಿ ಮಾಡಬಹುದು.

ಶಂಕುವಿನ ಘನಫಲ ಕಂಡುಹಿಡಿಯಲು ತಳದ ತ್ರಿಜ್ಯ ಮತ್ತು ಎತ್ತರ ಬೇಕು ಎಂದು ಪಠ್ಯಪುಸ್ತಕ ಹೇಳುತ್ತದೆ. ಆದರೆ ಇವೆರಡೂ ರಾಶಿಯ ಹೊಟ್ಟೆಯೊಳಗೆ ಇವೆ. ತಳದ ನಡುಬಿಂದುವಿಗೆ ಕೈ ಹೋಗುವುದಿಲ್ಲ, ಎತ್ತರಕ್ಕೆ ಕೋಲು ಚುಚ್ಚಿದರೆ ರಾಶಿ ಜರಿಯುತ್ತದೆ. ಹೊರಗಿನಿಂದ ಅಳೆಯಲು ಸಿಗುವುದು ಎರಡೇ. ಒಂದು, ತಳದ ಸುತ್ತಳತೆ, ಅಂದರೆ ಪರಿಧಿ. ಇನ್ನೊಂದು, ಬುಡದಿಂದ ತುದಿಯವರೆಗೆ ಇಳಿಜಾರಿನ ಮೇಲೆ ಅಳೆದ ಉದ್ದ, ಅಂದರೆ ಓರೆ ಎತ್ತರ.

ಒಂದು ಭತ್ತದ ರಾಶಿಯನ್ನು ತೆಗೆದುಕೊಳ್ಳೋಣ. ಅದರ ಪರಿಧಿ 15.08 ಮೀಟರ್, ಓರೆ ಎತ್ತರ 3 ಮೀಟರ್ ಇದೆ ಎನ್ನಿ. ಪರಿಧಿಯನ್ನು 6.28ರಿಂದ ಭಾಗಿಸಿದರೆ ತ್ರಿಜ್ಯ ಸಿಗುತ್ತದೆ: 2.4 ಮೀಟರ್. ತ್ರಿಜ್ಯ, ಎತ್ತರ ಮತ್ತು ಓರೆ ಎತ್ತರ ಸೇರಿ ಲಂಬಕೋನ ತ್ರಿಭುಜವಾಗುವುದರಿಂದ ಇನ್ನು ಪೈಥಾಗೊರಸನ ಪ್ರಮೇಯ ಸಾಕು. ಓರೆ ಎತ್ತರದ ವರ್ಗ 9. ಅದರಲ್ಲಿ ತ್ರಿಜ್ಯದ ವರ್ಗವಾದ 5.76ನ್ನು ಕಳೆದರೆ 3.24 ಉಳಿಯುತ್ತದೆ. ಇದರ ವರ್ಗಮೂಲ 1.8. ಇದೇ ಕಣ್ಣಿಗೆ ಕಾಣದ ಎತ್ತರ. ಘನಫಲ ಎಂದರೆ 3.14 × 5.76 × 1.8 ÷ 3, ಅಂದರೆ 10.85 ಘನಮೀಟರ್.

ಘನಮೀಟರನ್ನು ಚೀಲಕ್ಕೆ ತರುವುದು ಹೇಗೆ? ಅದೇ ರಾಶಿಯ ಭತ್ತವನ್ನು ಹತ್ತು ಲೀಟರ್ ಹಿಡಿಯುವ ಬಕೆಟ್ಟಿಗೆ ಕುಲುಕದೆ ಸುರಿದು, ಬಾಯಿಮಟ್ಟಕ್ಕೆ ಸವರಿ ತೂಗಬೇಕು. ತೂಕ 5.8 ಕಿಲೋ ಬಂದರೆ ಒಂದು ಘನಮೀಟರಿಗೆ 580 ಕಿಲೋ. ಆಗ ರಾಶಿಯ ತೂಕ ಸುಮಾರು 6,300 ಕಿಲೋ, ಅಂದರೆ 75 ಕಿಲೋ ಚೀಲದ ಲೆಕ್ಕದಲ್ಲಿ 84 ಚೀಲ. ತೇವ, ಜೊಳ್ಳು ಮತ್ತು ತಳಿಯನ್ನು ಅವಲಂಬಿಸಿ ಬಕೆಟ್ಟಿನ ತೂಕ ಬದಲಾಗುತ್ತದೆ. ಆದ್ದರಿಂದ ಇನ್ನೊಬ್ಬರ ರಾಶಿಯ ಅಂಕಿಯನ್ನು ಬಳಸಬಾರದು.

ಇಲ್ಲಿಗೆ ಲೆಕ್ಕ ಮುಗಿಯಿತು ಎನ್ನುವಂತಿಲ್ಲ. ಪಟ್ಟಿ ಹಿಡಿದವನು ಓರೆ ಎತ್ತರವನ್ನು 3 ಮೀಟರಿಗೆ ಬದಲು 2.90 ಎಂದು ಓದಿದ ಎನ್ನಿ. ತಪ್ಪು ಬರೀ 10 ಸೆಂಟಿಮೀಟರ್. ಆದರೆ ಎತ್ತರ 1.8ರಿಂದ 1.63ಕ್ಕೆ ಇಳಿಯುತ್ತದೆ, ಘನಫಲ 9.83 ಆಗುತ್ತದೆ, 84 ಚೀಲ 76ಕ್ಕೆ ಇಳಿಯುತ್ತದೆ. ಒಂದು ಗೇಣಿಗಿಂತ ಕಡಿಮೆ ತಪ್ಪಿಗೆ ಎಂಟು ಚೀಲ ನಷ್ಟ!

ಈ ತಪ್ಪು ಬಹಳ ಸುಲಭವಾಗಿ ಆಗುವಂಥದ್ದು. ಗಾಳಿಗೆ, ಕೈ ತಾಗಿದ್ದಕ್ಕೆ ರಾಶಿಯ ತುದಿ ಮೊಂಡಾಗಿರುತ್ತದೆ, ಅಳೆಯುವವರು ಆ ಮೊಂಡು ತುದಿಗೇ ಪಟ್ಟಿ ನಿಲ್ಲಿಸುತ್ತಾರೆ. ಇಳಿಜಾರಿನಲ್ಲಿ 10 ಸೆಂಟಿಮೀಟರ್ ತುದಿ ಹಾರಿಹೋಗಿದ್ದರೆ ನಿಜವಾಗಿ ಕಳೆದ ಭತ್ತ ಕಾಲು ಕಿಲೋದಷ್ಟು. ಲೆಕ್ಕದಲ್ಲಿ ಕಳೆದುಹೋಗುವುದು ಎಂಟು ಚೀಲ. ಇದಕ್ಕೆ ಉಪಾಯ ಸುಲಭ. ಎದುರುಬದುರು ಎರಡು ನೇರ ಬಿದಿರುಗಳನ್ನು ಇಳಿಜಾರಿಗೆ ಒರಗಿಸಿ, ಅವು ತುದಿಯ ಮೇಲೆ ಎಲ್ಲಿ ಕೂಡುತ್ತವೆಯೋ ಅಲ್ಲಿಯವರೆಗೆ ಅಳೆಯಬೇಕು. ಹೀಗೆ ಎರಡು ಜೊತೆ ದಿಕ್ಕುಗಳಲ್ಲಿ ಅಳೆದು ಸರಾಸರಿ ತೆಗೆದರೆ ಇನ್ನೂ ಒಳ್ಳೆಯದು.

ಪರಿಧಿಯಲ್ಲಿ ತಪ್ಪಿದರೆ? ಅದೇ ರಾಶಿಯ ಪರಿಧಿಯನ್ನು 10 ಸೆಂಟಿಮೀಟರ್ ಹೆಚ್ಚಾಗಿ, 15.18 ಎಂದು ಓದಿ ಲೆಕ್ಕ ಮಾಡಿ ನೋಡಿ. ವ್ಯತ್ಯಾಸ ಹತ್ತು ಕಿಲೋ ದಾಟುವುದಿಲ್ಲ! ಇದು ಮಾಯವಲ್ಲ. ಓರೆ ಎತ್ತರ ಬದಲಾಗದೆ ತಳ ಅಗಲವಾದರೆ ರಾಶಿ ತಗ್ಗುತ್ತದೆ. ಒಂದು ಕಡೆ ಬಂದದ್ದು ಇನ್ನೊಂದು ಕಡೆ ಹೋಗುತ್ತದೆ. ಇಳಿಜಾರು ಸುಮಾರು 35 ಡಿಗ್ರಿ ಇದ್ದಾಗ ಈ ಲಾಭನಷ್ಟ ಸರಿಸಮವಾಗಿ, ಅದೇ ಓರೆ ಎತ್ತರಕ್ಕೆ ಸಾಧ್ಯವಾದ ಅತಿ ಹೆಚ್ಚಿನ ಘನಫಲ ಸಿಗುತ್ತದೆ. ಪಿಯುಸಿ ವಿದ್ಯಾರ್ಥಿಗಳು ಇದನ್ನು ಕಲನಶಾಸ್ತ್ರದಿಂದ ಸಾಧಿಸಬಹುದು. ಮೇಲಿನಿಂದ ಸುರಿದ ಒಣ ಕಾಳಾಗಲಿ ಮರಳಾಗಲಿ ತಾನಾಗಿ ಜಾರಿ ನಿಲ್ಲುವುದು ಹೆಚ್ಚುಕಡಿಮೆ ಇದೇ ಇಳಿಜಾರಿನಲ್ಲಿ.

ಇದರಿಂದ ಎರಡು ಅನುಕೂಲಗಳಿವೆ. ಓರೆ ಎತ್ತರದ ಘನವನ್ನು 0.4ರಿಂದ ಗುಣಿಸಿದರೆ ಸಾಕು, ಘನಫಲ ಹತ್ತಿರ ಹತ್ತಿರ ಬಂದುಬಿಡುತ್ತದೆ. ನಮ್ಮ ರಾಶಿಗೆ 27 × 0.4, ಅಂದರೆ 10.8. ಇಳಿಜಾರು 30ರಿಂದ 40 ಡಿಗ್ರಿಯೊಳಗೆ ಇದ್ದರೆ ಇದು ನೂರಕ್ಕೆ ಮೂರಕ್ಕಿಂತ ಹೆಚ್ಚು ತಪ್ಪುವುದಿಲ್ಲ. ಎರಡನೆಯದು, ಅಳತೆಯ ಪರೀಕ್ಷೆ. ಇಂಥ ರಾಶಿಯ ಪರಿಧಿ ಓರೆ ಎತ್ತರದ ಸುಮಾರು ಐದು ಪಟ್ಟು ಇರುತ್ತದೆ. 4.8ಕ್ಕಿಂತ ಕಡಿಮೆ ಅಥವಾ 5.4ಕ್ಕಿಂತ ಹೆಚ್ಚು ಬಂದರೆ ಎಲ್ಲೋ ಎಡವಟ್ಟಾಗಿದೆ ಎಂದೇ ಅರ್ಥ. ಬುಡದಲ್ಲಿ ಚೆಲ್ಲಿದ ಕಾಳನ್ನು ಗುಡಿಸಿ ಸೇರಿಸದೆ ಸುತ್ತಳತೆ ತೆಗೆದಿರಬಹುದು, ಇಲ್ಲವೇ ರಾಶಿಯ ನೆತ್ತಿ ಚಪ್ಪಟೆಯಾಗಿರಬಹುದು.

ರಾಶಿಯ ಲೆಕ್ಕ ನಮ್ಮಲ್ಲಿ ಹೊಸದಲ್ಲ. ಭಾಸ್ಕರಾಚಾರ್ಯರು 1150ರ ಸುಮಾರಿಗೆ ಬರೆದ ‘ಲೀಲಾವತಿ’ಯಲ್ಲಿ ಧಾನ್ಯರಾಶಿಗೆಂದೇ ಒಂದು ಭಾಗವಿದೆ. ಪರಿಧಿಯ ಆರನೆಯ ಒಂದು ಭಾಗವನ್ನು ವರ್ಗಮಾಡಿ ಎತ್ತರದಿಂದ ಗುಣಿಸು ಎಂಬುದು ಅಲ್ಲಿನ ಸೂತ್ರ. ಎತ್ತರವನ್ನು ಅಳೆಯುವ ಗೊಡವೆಯೂ ಇಲ್ಲ. ದಪ್ಪ ಕಾಳಿಗೆ ಪರಿಧಿಯ ಹತ್ತನೆಯ ಒಂದು, ಸಣ್ಣ ಕಾಳಿಗೆ ಹನ್ನೊಂದನೆಯ ಒಂದು, ಮುಳ್ಳಿನಂಥ ಮೊನೆಯುಳ್ಳ ಧಾನ್ಯಕ್ಕೆ ಒಂಬತ್ತನೆಯ ಒಂದು ಭಾಗ ಎತ್ತರವೆಂದು ಹಿಡಿಯಬೇಕು. ನಮ್ಮ ಭತ್ತಕ್ಕೆ ಒಂಬತ್ತನೆಯ ಒಂದನ್ನು ಹಿಡಿದರೆ ಎತ್ತರ 1.68, ಘನಫಲ 10.6 ಬರುತ್ತದೆ. ಚೀಲದಲ್ಲಿ ವ್ಯತ್ಯಾಸ ಎರಡೇ! ಗೋಡೆಗೆ ಒರಗಿದ ರಾಶಿಗೂ ಅಲ್ಲಿ ದಾರಿಯಿದೆ. ಅರ್ಧ ಶಂಕುವಾದರೆ ಕಂಡ ಸುತ್ತಳತೆಯನ್ನು ಎರಡು ಪಟ್ಟು ಮಾಡಿ, ಬಂದ ಘನಫಲದಲ್ಲಿ ಅರ್ಧ ಹಿಡಿಯಬೇಕು. ಕೋಣೆಯ ಒಳಮೂಲೆಯಲ್ಲಿದ್ದರೆ ನಾಲ್ಕು ಪಟ್ಟು ಮಾಡಿ, ಕಾಲುಭಾಗ ಹಿಡಿಯಬೇಕು.

ಲಿಂಗಸುಗೂರಿನ ಜೋಳಕ್ಕೂ ಇದೇ ಲೆಕ್ಕ. ಬಕೆಟ್ಟಿನ ತೂಕ ಮಾತ್ರ ಬೇರೆ, ಜೋಳ ಭತ್ತಕ್ಕಿಂತ ಭಾರ. ಮಸ್ಕಿಯ ಮರಳಿನಲ್ಲಿ ಮಾತ್ರ ಇನ್ನೊಂದು ತೊಡಕಿದೆ. ಹಸಿ ಮರಳಿನ ಕಣಗಳ ಸುತ್ತ ನೀರಿನ ಪೊರೆ ಇದ್ದು ಅವುಗಳನ್ನು ದೂರ ತಳ್ಳುವುದರಿಂದ ಮರಳು ಉಬ್ಬಿರುತ್ತದೆ. ಅಳತೆ ಸರಿಯಾಗಿದ್ದರೂ ಒಂದು ಬ್ರಾಸ್ ಎಂದು ಕೊಂಡದ್ದರಲ್ಲಿ ಮರಳು ಕಡಿಮೆ ಇರಬಹುದು. ನೇರ ಗೋಡೆಯ ಗಾಜಿನ ಡಬ್ಬಿಯಲ್ಲಿ 20 ಸೆಂಟಿಮೀಟರ್ ಎತ್ತರಕ್ಕೆ ಹಸಿ ಮರಳು ತುಂಬಿ, ಮುಳುಗುವಂತೆ ನೀರು ಹೊಯ್ದು ಕಲಕಿ ಬಿಡಿ. ಮರಳು 16ಕ್ಕೆ ಇಳಿದು ನಿಂತರೆ, ಕೊಂಡ ಐದು ಬ್ರಾಸಿನಲ್ಲಿ ಒಂದು ಬ್ರಾಸ್ ಬರೀ ಉಬ್ಬು.