ಗೊಮ್ಮಟೇಶ್ವರ ಪ್ರತಿಷ್ಠೆ ಕ್ರಿ.ಶ. 981: ಈ ಉತ್ತರ ನಿಂತಿರುವ ಗೃಹೀತಗಳು

ಶ್ರವಣಬೆಳಗೊಳದ ಗೊಮ್ಮಟೇಶ್ವರ ಮೂರ್ತಿಯ ಪ್ರತಿಷ್ಠೆ ಯಾವಾಗ ನಡೆಯಿತು? ಪಾಠಶಾಲೆಯ ಮಕ್ಕಳೂ ಥಟ್ಟನೆ 981 ಎನ್ನುತ್ತಾರೆ. 1981ರಲ್ಲಿ ಸಹಸ್ರಾಬ್ದಿ ಮಹಾಮಸ್ತಕಾಭಿಷೇಕ ನಡೆದದ್ದೂ ಈ ಲೆಕ್ಕದ ಮೇಲೆಯೇ. ಆದರೆ ಪುಸ್ತಕಗಳನ್ನು ತಿರುವಿದರೆ ಒಂದರಲ್ಲಿ 980, ಇನ್ನೊಂದರಲ್ಲಿ 983, ಮತ್ತೊಂದರಲ್ಲಿ 1028 ಎಂದೂ ಕಾಣುತ್ತದೆ. ಇದನ್ನು ಕಂಡ ಕೆಲವರು ಯಾರೋ ತಪ್ಪು ಬರೆದಿದ್ದಾರೆ ಎಂದುಕೊಳ್ಳುತ್ತಾರೆ. ಇನ್ನು ಕೆಲವರು ಯಾವುದೂ ನಿಜವಿರಲಾರದು ಎಂದು ಕೈಬಿಡುತ್ತಾರೆ. ಎರಡೂ ಸರಿಯಲ್ಲ. ಈ ಪ್ರಶ್ನೆ ಇನ್ನೂ ಮುಗಿದಿಲ್ಲ. 981 ಅದಕ್ಕೆ ಸಿಕ್ಕಿರುವ ಒಳ್ಳೆಯ ಅಂದಾಜು. ಆ ಅಂದಾಜು ಕೆಲವು ಗೃಹೀತಗಳ ಮೇಲೆ, ಅಂದರೆ ಸರಿ ಎಂದು ಮೊದಲೇ ಒಪ್ಪಿಕೊಂಡ ಮಾತುಗಳ ಮೇಲೆ ನಿಂತಿದೆ. ಅವು ಯಾವುವೆಂದು ತಿಳಿದರೆ ಬೇರೆ ಬೇರೆ ಇಸವಿಗಳು ಏಕೆ ಬಂದವು ಎಂಬುದೂ ತಿಳಿಯುತ್ತದೆ.

ಕಲ್ಲಿನ ಮೇಲೆ ಇರುವುದು, ಇಲ್ಲದಿರುವುದು

ಮೂರ್ತಿಯ ಪಾದಗಳ ಪಕ್ಕದಲ್ಲಿ ಕೆಲವು ಚಿಕ್ಕ ಶಾಸನಗಳಿವೆ. ಚಾಮುಂಡರಾಯನು ಇದನ್ನು ಮಾಡಿಸಿದನೆಂದು ಅವು ಕನ್ನಡ, ತಮಿಳು ಮತ್ತು ಮರಾಠಿಯಲ್ಲಿ ಹೇಳುತ್ತವೆ. ಸುತ್ತಾಲಯವನ್ನು ಗಂಗರಾಜನು ಕಟ್ಟಿಸಿದನೆಂಬ ಮಾತೂ ಅಲ್ಲಿದೆ. ಗಂಗರಾಜನು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ, ಹನ್ನೆರಡನೆಯ ಶತಮಾನದವನು. ಆದ್ದರಿಂದ ಆ ಬರಹಗಳೆಲ್ಲ ಒಂದೇ ಕಾಲದವಲ್ಲ. ಮುಖ್ಯವಾದ ಸಂಗತಿಯೆಂದರೆ ಅವುಗಳಲ್ಲಿ ಯಾವುದರಲ್ಲೂ ಶಕವರ್ಷವಾಗಲಿ, ಸಂವತ್ಸರವಾಗಲಿ, ತಿಥಿಯಾಗಲಿ ಇಲ್ಲ. ಮಾಡಿಸಿದವನು ಯಾರೆಂಬುದನ್ನು ಕಲ್ಲೇ ಹೇಳುತ್ತದೆ, ಯಾವಾಗ ಎಂಬುದನ್ನು ಹೇಳುವುದಿಲ್ಲ. ಕಾಲವನ್ನು ಬೇರೆ ಆಧಾರಗಳಿಂದ ಕಟ್ಟಿಕೊಳ್ಳಬೇಕು.

ಮೊದಲ ಗೃಹೀತ: ಮೌನಕ್ಕೂ ಅರ್ಥವಿದೆ

ಚಾಮುಂಡರಾಯನು ತಾನೇ ಬರೆದ ‘ಚಾವುಂಡರಾಯ ಪುರಾಣ’ ಶಕ 900ರ ಈಶ್ವರ ಸಂವತ್ಸರದಲ್ಲಿ, ಎಂದರೆ ಕ್ರಿ.ಶ. 978ರಲ್ಲಿ ಮುಗಿಯಿತು. ಅದರಲ್ಲಿ ಅವನು ತನ್ನ ಯುದ್ಧಗಳನ್ನೂ ಅವುಗಳಿಂದ ಬಂದ ಬಿರುದುಗಳನ್ನೂ ಹೇಳಿಕೊಂಡಿದ್ದಾನೆ. ಆದರೆ ಗೊಮ್ಮಟ ಮೂರ್ತಿಯ ಮಾತೇ ಇಲ್ಲ. ಬಿರುದುಗಳನ್ನು ಬಿಡದೆ ಹೇಳಿದವನು 58 ಅಡಿಯ ಮೂರ್ತಿಯನ್ನು ನಿಲ್ಲಿಸಿದ್ದರೆ ಅದನ್ನು ಬಿಡುತ್ತಿದ್ದನೆ? ಬಿಡುತ್ತಿರಲಿಲ್ಲ ಎಂದು ಒಪ್ಪಿದರೆ ಪ್ರತಿಷ್ಠೆ 978ರ ನಂತರ ಆಗಿರಬೇಕು.

ಇನ್ನೊಂದು ತುದಿಯನ್ನು ಕವಿ ರನ್ನ ಕೊಡುತ್ತಾನೆ. 993ರಲ್ಲಿ ಮುಗಿದ ಅವನ ‘ಅಜಿತಪುರಾಣ’ದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಬೆಟ್ಟವೇರಿ ಕುಕ್ಕುಟೇಶ್ವರ ಜಿನನ ದರ್ಶನ ಮಾಡಿದ ಪ್ರಸಂಗವಿದೆ. ಕುಕ್ಕುಟೇಶ್ವರ ಎಂಬುದು ಗೊಮ್ಮಟನಿಗೇ ಸಲ್ಲುವ ಹೆಸರು. ಹಾಗಾದರೆ 993ರ ಹೊತ್ತಿಗೆ ಮೂರ್ತಿ ನಿಂತಿತ್ತು.

ಇಲ್ಲಿಗೆ ಸಿಕ್ಕ ಉತ್ತರ 978ರಿಂದ 993. ಇದರ ಎರಡು ತುದಿಗಳ ಬಲ ಸಮನಲ್ಲ. ಮೇಲಿನ ತುದಿಗೆ ಸಮಕಾಲೀನ ಕವಿಯ ಮಾತಿದೆ. ಕೆಳಗಿನ ತುದಿಗೆ ಇರುವುದು ಒಂದು ಗ್ರಂಥದ ಮೌನ. ಪುರಾಣ ಮುಗಿಯುವಾಗ ಕೆತ್ತನೆ ಇನ್ನೂ ನಡೆಯುತ್ತಿದ್ದಿರಬಹುದು, ಇಲ್ಲವೆ ತೀರ್ಥಂಕರರ ಚರಿತೆಯಲ್ಲಿ ತನ್ನ ಮೂರ್ತಿಯ ವಿಷಯ ಬೇಡವೆಂದು ಅವನು ಬಿಟ್ಟಿರಲೂಬಹುದು. ಅದಕ್ಕಾಗಿಯೇ ‘978ರ ನಂತರ’ ಎನ್ನುವವರು ‘ಪುರಾಣದ ಮೌನವನ್ನು ಆಧಾರವಾಗಿ ಹಿಡಿದರೆ’ ಎಂದು ಸೇರಿಸಬೇಕಾಗುತ್ತದೆ.

ಎರಡನೆಯ ಗೃಹೀತ: ರಾಚಮಲ್ಲನ ಆಳ್ವಿಕೆ

ಶ್ರವಣಬೆಳಗೊಳದಲ್ಲಿ ಬೊಪ್ಪಣ ಕವಿಯ ಶಾಸನವೊಂದಿದೆ, ಸುಮಾರು 1180ರದು. ಗೊಮ್ಮಟ ಮೂರ್ತಿಯನ್ನು ವರ್ಣಿಸುವ ಆ ಶಾಸನ, ಅದನ್ನು ಮಾಡಿಸಿದ ಚಾಮುಂಡರಾಯನನ್ನು ಗಂಗ ದೊರೆ ರಾಚಮಲ್ಲನೊಂದಿಗೆ ಹೆಸರಿಸುತ್ತದೆ. ನಾಲ್ಕನೆಯ ರಾಚಮಲ್ಲನ ಆಳ್ವಿಕೆ ಸುಮಾರು 974ರಿಂದ 984. ಪ್ರತಿಷ್ಠೆ ಆ ದೊರೆ ಇರುವಾಗಲೇ ನಡೆಯಿತು ಎಂದು ಇಟ್ಟುಕೊಂಡರೆ ಹದಿನೈದು ವರ್ಷಗಳ ಅಂತರ ಒಮ್ಮೆಗೇ ಇಳಿದು 978ರಿಂದ 984ಕ್ಕೆ ಬರುತ್ತದೆ.

ಇದು ಒಪ್ಪಬಹುದಾದ ಗೃಹೀತ. ಆದರೆ ಶಾಸನ ಮೂರ್ತಿಗಿಂತ ಸುಮಾರು ಎರಡು ಶತಮಾನ ಈಚಿನದು. ಅಲ್ಲದೆ ಒಬ್ಬ ದೊರೆಯ ಮಂತ್ರಿ ಎಂದು ಹೇಳುವುದು ಬೇರೆ, ಅವನ ಆಳ್ವಿಕೆಯಲ್ಲೇ ಕೆಲಸ ಮುಗಿಯಿತು ಎಂದು ಹೇಳುವುದು ಬೇರೆ. ಇದನ್ನು ಒಪ್ಪದವರಿಗೆ ಉತ್ತರ ಮತ್ತೆ 978ರಿಂದ 993 ಆಗುತ್ತದೆ. ಇಬ್ಬರ ನಡುವೆ ಜಗಳಕ್ಕೆ ಕಾರಣವಿಲ್ಲ. ಒಬ್ಬರು ಒಂದು ಮಾತನ್ನು ಹೆಚ್ಚಾಗಿ ಒಪ್ಪಿದ್ದಾರೆ, ಅಷ್ಟೇ.

ಮೂರನೆಯ ಗೃಹೀತ: ಪಂಚಾಂಗದ ವಿವರ

ದಿನಾಂಕದವರೆಗೆ ಹೋಗಬೇಕಾದರೆ ಇರುವ ಆಧಾರ ಒಂದೇ, ಶತಮಾನಗಳ ನಂತರದ ‘ಬಾಹುಬಲಿ ಚರಿತೆ’ ಎಂಬ ಸಂಸ್ಕೃತ ಕೃತಿ. ಕಲ್ಕಿ ವರ್ಷ 600, ವಿಭವ ಸಂವತ್ಸರ, ಚೈತ್ರ ಶುದ್ಧ ಪಂಚಮಿ, ಭಾನುವಾರ, ಕುಂಭ ಲಗ್ನ ಎಂದು ಅದು ಪ್ರತಿಷ್ಠೆಯ ಮುಹೂರ್ತವನ್ನು ಕೊಡುತ್ತದೆ. ಇಷ್ಟು ವಿವರವಿದ್ದರೆ ಪ್ರಶ್ನೆ ಮುಗಿದಂತೆಯೇ ಎನಿಸುತ್ತದೆ. ಆದರೆ ಈ ವಿವರಗಳೆಲ್ಲ ಒಂದೇ ವರ್ಷಕ್ಕೆ ಕೂಡಿ ಬರುವುದಿಲ್ಲ.

ಕಲ್ಕಿ ವರ್ಷವನ್ನು ನೋಡೋಣ. ಚಾಮುಂಡರಾಯನ ಗುರು ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ‘ತ್ರಿಲೋಕಸಾರ’ದ ಪ್ರಕಾರ ವೀರ ನಿರ್ವಾಣದಿಂದ 605 ವರ್ಷ 5 ತಿಂಗಳಿಗೆ ಶಕರಾಜ, ಅಲ್ಲಿಂದ 394 ವರ್ಷ 7 ತಿಂಗಳಿಗೆ ಕಲ್ಕಿ. ಕೂಡಿದರೆ ಸರಿಯಾಗಿ 1000. ಕ್ರಿ.ಪೂ. 527ರ ನಿರ್ವಾಣದಿಂದ ಎಣಿಸಿದರೆ ಕಲ್ಕಿಯ ಕಾಲ ಸುಮಾರು ಕ್ರಿ.ಶ. 473. ಅದಕ್ಕೆ 600 ಸೇರಿಸಿದರೆ 1073, ರನ್ನನ ಕಾವ್ಯ ಬಂದು 80 ವರ್ಷಗಳ ಮೇಲೆ! ‘600’ ಎಂಬುದನ್ನು ‘ಆರನೆಯ ಶತಕ’ ಎಂದು ಓದಿದರೆ ಮಾತ್ರ 981 ಅದರೊಳಗೆ ಬರುತ್ತದೆ. 1028 ಕೂಡ ಬರುತ್ತದೆ.

ಸಂವತ್ಸರದ ಲೆಕ್ಕ ಇನ್ನೂ ಸರಳ. 978ರ ಆರಂಭದಲ್ಲಿ ನಡೆಯುತ್ತಿದ್ದದ್ದು ಈಶ್ವರ, ಅರವತ್ತರಲ್ಲಿ ಹನ್ನೊಂದನೆಯದು. ವಿಭವ ಎರಡನೆಯದು. ಹಿಂದಕ್ಕೆ ಎಣಿಸಿದರೆ ವಿಭವ 968ರಲ್ಲಿ ಬರುತ್ತದೆ, ಆಮೇಲೆ 1028ರಲ್ಲಿ. 968ರಲ್ಲಿ ರಾಚಮಲ್ಲ ಇನ್ನೂ ದೊರೆಯಾಗಿರಲಿಲ್ಲ. 981ರ ಯುಗಾದಿಗೆ ಬಂದದ್ದು ವೃಷ ಸಂವತ್ಸರ.

ವಿದ್ವಾಂಸರು ಬೇರೆಯಾದದ್ದು ಇಲ್ಲಿ. ಆರ್. ಶಾಮಶಾಸ್ತ್ರಿಗಳು ಕೊಟ್ಟ ದಿನ 1028ರ ಮಾರ್ಚ್ 3. ಅಂದು ಭಾನುವಾರ, ಚೈತ್ರ ಶುದ್ಧ ಪಂಚಮಿ, ವಿಭವ ಸಂವತ್ಸರ, ಎಲ್ಲವೂ ಸರಿಹೊಂದುತ್ತವೆ. ಆದರೆ ಅದನ್ನು ಒಪ್ಪಿದರೆ 993ರ ರನ್ನನ ಮಾತನ್ನು ಬಿಡಬೇಕು. ತಲಕಾಡು ಚೋಳರ ವಶವಾಗಿ ಗಂಗರ ಆಳ್ವಿಕೆಯೇ ಮುಗಿದು ಎರಡು ದಶಕ ಕಳೆದಿದ್ದವು ಎಂಬುದನ್ನೂ ನುಂಗಿಕೊಳ್ಳಬೇಕು. ಎಂ. ಗೋವಿಂದ ಪೈಗಳು ಕೊಟ್ಟ ದಿನ 981ರ ಮಾರ್ಚ್ 13. ಅದೂ ಭಾನುವಾರ, ಚೈತ್ರ ಶುದ್ಧ ಪಂಚಮಿ. ರನ್ನನಿಗೂ ರಾಚಮಲ್ಲನಿಗೂ ಅದು ಹೊಂದುತ್ತದೆ. ಆದರೆ ವಿಭವ ಎಂಬ ಹೆಸರನ್ನು ಅಕ್ಷರಶಃ ಸಂವತ್ಸರವೆಂದು ತೆಗೆದುಕೊಳ್ಳುವಂತಿಲ್ಲ. ಒಂದು ಲೆಕ್ಕ ಪಂಚಾಂಗವನ್ನು ಉಳಿಸಿಕೊಂಡು ಇತಿಹಾಸವನ್ನು ಬಿಟ್ಟಿತು. ಇನ್ನೊಂದು ಇತಿಹಾಸವನ್ನು ಉಳಿಸಿಕೊಂಡು ಪಂಚಾಂಗದ ಒಂದು ಅಂಶವನ್ನು ಬಿಟ್ಟಿತು. ಸಮಕಾಲೀನ ಆಧಾರಕ್ಕೆ ಹೆಚ್ಚು ತೂಕ ಕೊಡುವವರಿಗೆ ಎರಡನೆಯದೇ ಒಪ್ಪಿಗೆಯಾಗುತ್ತದೆ.

ವಾರ, ತಿಥಿ ಹೊಂದಿದರೆ ಸಾಕೆ?

‘ಭಾನುವಾರವೂ ಹೊಂದಿತು, ಪಂಚಮಿಯೂ ಹೊಂದಿತು, ಇನ್ನೇನು ಬೇಕು?’ ಎಂದು ಕೇಳುವವರಿದ್ದಾರೆ. ಚೈತ್ರ ಶುದ್ಧ ಪಂಚಮಿ ಪ್ರತಿ ವರ್ಷವೂ ಬರುತ್ತದೆ. ವಾರಗಳು ಏಳೇ ಇರುವುದರಿಂದ ಅದು ಸರಾಸರಿ ಏಳು ವರ್ಷಕ್ಕೊಮ್ಮೆ ಭಾನುವಾರಕ್ಕೆ ಬೀಳುತ್ತದೆ. 978ರಿಂದ 984ರವರೆಗೆ ಏಳು ವರ್ಷಗಳಿವೆ. ಹೀಗಾಗಿ ಅಷ್ಟರೊಳಗೆ ಒಂದು ಭಾನುವಾರ ಸಿಗುವುದು ನಿರೀಕ್ಷಿತವೇ. ನಕ್ಷತ್ರವೂ ಹೆಚ್ಚಿನ ನೆರವು ನೀಡದು. ಚೈತ್ರ ಶುದ್ಧ ಪಂಚಮಿಯಂದು ಚಂದ್ರ ರೋಹಿಣಿಯ ಆಸುಪಾಸಿನಲ್ಲೇ ಇರಬೇಕು. ಈ ಹೊಂದಾಣಿಕೆ 981ಕ್ಕೆ ವಿರುದ್ಧವಲ್ಲ, ಆದರೆ ಅದು 981ನ್ನು ಸಾಧಿಸುವುದೂ ಇಲ್ಲ. 1028ಕ್ಕೂ ಅದೇ ಹೊಂದಾಣಿಕೆ ಸಿಕ್ಕಿತ್ತು ಎಂಬುದೇ ಇದಕ್ಕೆ ಸಾಕ್ಷಿ.

ಬರೆಯುವುದು ಹೇಗೆ?

ಬಸದಿಯ ಫಲಕಕ್ಕೆ, ಪಾಠಶಾಲೆಯ ಪುಸ್ತಕಕ್ಕೆ ಇಡೀ ಲೆಕ್ಕ ಬೇಕಿಲ್ಲ. ‘ಸುಮಾರು ಕ್ರಿ.ಶ. 981’ ಎಂದರೆ ಸಾಕು. ಸ್ವಲ್ಪ ಹೆಚ್ಚು ಜಾಗವಿದ್ದಲ್ಲಿ ಹೀಗೆ ಬರೆಯಬಹುದು: ‘ಪ್ರತಿಷ್ಠೆಯ ಕಾಲ ಶಾಸನದಲ್ಲಿಲ್ಲ. ಚಾವುಂಡರಾಯ ಪುರಾಣದ ಮೌನವನ್ನೂ ರಾಚಮಲ್ಲನ ಆಳ್ವಿಕೆಯನ್ನೂ ಆಧಾರವಾಗಿ ಹಿಡಿದರೆ 978ರಿಂದ 984ರ ನಡುವೆ. ಬಾಹುಬಲಿ ಚರಿತೆಯ ತಿಥಿ ವಾರಗಳನ್ನು ಒಪ್ಪಿ, ಸಂವತ್ಸರದ ಹೆಸರನ್ನು ಬಿಟ್ಟರೆ 981ರ ಮಾರ್ಚ್ 13.’ ಇದರಲ್ಲಿ ಪ್ರತಿ ಹೆಜ್ಜೆಗೂ ಅದರ ಆಧಾರ ಜೊತೆಗಿದೆ. ನಾಳೆ ಹೊಸ ಶಾಸನ ಸಿಕ್ಕಿ ರಾಚಮಲ್ಲನ ನಂತರ ಪ್ರತಿಷ್ಠೆಯಾಯಿತೆಂದು ತಿಳಿದರೆ ಮಧ್ಯದ ಮಾತೂ ಕೊನೆಯ ಮಾತೂ ಬಿದ್ದುಹೋಗುತ್ತವೆ, ಆದರೆ ‘993ಕ್ಕೆ ಮೊದಲು’ ಎಂಬುದು ಹಾಗೆಯೇ ನಿಲ್ಲುತ್ತದೆ. ಬರಿದೇ ‘ಮಾರ್ಚ್ 13, 981’ ಎಂದು ಕೆತ್ತಿಸಿದ್ದರೆ ಯಾವುದು ಬಿದ್ದಿತು, ಯಾವುದು ಉಳಿಯಿತು ಎಂದು ಓದುಗರಿಗೆ ತಿಳಿಯುವ ದಾರಿಯಿಲ್ಲ.

‘ಆಧಾರವಾಗಿ ಹಿಡಿದರೆ’ ಎಂಬ ಈ ಮಾತು ಜೈನರಿಗೆ ಹೊಸದಲ್ಲ. ಸ್ಯಾದ್ವಾದದ ‘ಸ್ಯಾತ್’ ಪದಕ್ಕೆ ‘ಇರಬಹುದೇನೋ’ ಎಂಬ ಸಂಶಯದ ಅರ್ಥವಿಲ್ಲ. ‘ಇಂಥ ಅಪೇಕ್ಷೆಯಿಂದ ನೋಡಿದರೆ’ ಎಂಬುದು ಅದರ ಅರ್ಥ, ಮತ್ತು ಆ ಅಪೇಕ್ಷೆಯಿಂದ ಹೇಳಿದ ಮಾತು ಖಚಿತವೇ. ‘ರಾಚಮಲ್ಲನ ಆಳ್ವಿಕೆಯಲ್ಲಿ ಎಂದು ಹಿಡಿದರೆ 984ರೊಳಗೆ’ ಎಂಬುದೂ ಅಂಥದೇ ಮಾತು. ಮಗು ಬಂದು ‘ಪುಸ್ತಕದಲ್ಲಿ 983 ಅಂತಿದೆ, ಅಜ್ಜ 981 ಅಂತಾರೆ, ಯಾವುದು ಸರಿ?’ ಎಂದು ಕೇಳಿದರೆ ಕೊಡಬಹುದಾದ ನೇರ ಉತ್ತರವೂ ಇಲ್ಲಿಯೇ ಇದೆ: ಎರಡೂ 978 ಮತ್ತು 984ರ ಒಳಗಿವೆ. ಅಜ್ಜನ ಇಸವಿಗೆ ಬಾಹುಬಲಿ ಚರಿತೆಯ ತಿಥಿ ವಾರಗಳ ಬೆಂಬಲವಿದೆ. ಪುಸ್ತಕದ ಇಸವಿಗೆ ಯಾವ ಬೆಂಬಲವಿದೆ ಎಂದು ಪುಸ್ತಕವೇ ಹೇಳಬೇಕು.