ಇಪ್ಪತ್ತು ಯೂನಿಟ್ ಎಂದರೆ ಎಷ್ಟು ಮಿಲಿಲೀಟರ್?

ಪ್ರಶ್ನೆ: 20 ಯೂನಿಟ್ ಇನ್ಸುಲಿನ್ ಎಷ್ಟು ಮಿ.ಲೀ.?
– ನರ್ಸಿಂಗ್ ವಿದ್ಯಾರ್ಥಿನಿ, ಹೊಸಪೇಟೆ

ಉತ್ತರ: ಸೀಸೆಯ ಮೇಲಿನ ಸಾಂದ್ರತೆಯನ್ನು ಓದದೆ ಇದಕ್ಕೆ ಉತ್ತರವಿಲ್ಲ. ನಮ್ಮ ದೇಶದ ಇನ್ಸುಲಿನ್ ಸೀಸೆಗಳು ಬಹುಮಟ್ಟಿಗೆ ಮಿಲಿಲೀಟರಿಗೆ 40 ಯೂನಿಟ್ಟಿನವಾದುದರಿಂದ, 20ನ್ನು 40ರಿಂದ ಭಾಗಿಸಲು 0.5 ಮಿ.ಲೀ. ದೊರೆಯುವುದು, ಅದಕ್ಕೆ ಕೆಂಪು ಮುಚ್ಚಳದ, 40ರ ಅಂಕನದ ಸಿರಿಂಜೇ ತಕ್ಕುದು. ಅದೇ ಔಷಧವನ್ನು ಕಿತ್ತಳೆ ಮುಚ್ಚಳದ 100ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಬರುವುದು 0.2 ಮಿ.ಲೀ., ಅರ್ಥಾತ್ 8 ಯೂನಿಟ್ ಮಾತ್ರ. ಇದರ ವಿಪರ್ಯಯವು ಇನ್ನೂ ಭಯಂಕರ: 100ರ ಔಷಧವನ್ನು 40ರ ಸಿರಿಂಜಿನಲ್ಲಿ ಅದೇ ಗೆರೆಗೆ ಎಳೆದಲ್ಲಿ 50 ಯೂನಿಟ್ ದೇಹವನ್ನು ಸೇರಿ, ರಕ್ತದ ಸಕ್ಕರೆ ಕುಸಿದು, ರೋಗಿಯು ಬೆವರಿ, ನಡುಗಿ, ಪ್ರಜ್ಞಾಶೂನ್ಯನಾಗಬಹುದು. ಆದುದರಿಂದ ಸೀಸೆಯ ಅಂಕಿಯೂ ಸಿರಿಂಜಿನ ಅಂಕಿಯೂ ಒಂದೇ ಎಂಬುದನ್ನು ಕಂಡ ಬಳಿಕವೇ ಔಷಧವನ್ನು ಎಳೆಯತಕ್ಕದ್ದು.