ವರ್ಗಮೂಲಗಳ ವ್ಯತ್ಯಾಸದಲ್ಲಿ ಉಳಿಯುವ ಅರ್ಧ

√(n² + n) ಎಂಬ ಸಂಖ್ಯೆಯಿಂದ n ಅನ್ನು ಕಳೆದರೆ ಉಳಿಯುವುದೆಷ್ಟು? n = 1 ಆದಾಗ ಉತ್ತರ √2 − 1, ಅಂದರೆ ಸುಮಾರು 0.4142. n = 10 ಆದಾಗ √110 ರಿಂದ 10 ಕಳೆಯಬೇಕು; ಬರುವುದು 0.4881. n ನೂರಾದಾಗ 0.4988, ಸಾವಿರವಾದಾಗ 0.4999. ಕಳೆಯುವ ಸಂಖ್ಯೆಯೂ ಕಳೆಸಿಕೊಳ್ಳುವ ಸಂಖ್ಯೆಯೂ ಎಲ್ಲೆ ಮೀರಿ ಬೆಳೆಯುತ್ತಿದ್ದರೂ ಅವುಗಳ ನಡುವಿನ ಅಂತರ ಮಾತ್ರ ಅರ್ಧದ ಹತ್ತಿರ ಬಂದು ನಿಲ್ಲುವಂತೆ ಕಾಣುತ್ತದೆ. ಕೆಲವು ಬೆಲೆಗಳನ್ನು ನೋಡಿ ಹೀಗೆ ಊಹಿಸಬಹುದು, ಆದರೆ ಊಹೆ ಸಾಧನೆಯಲ್ಲ.

ಇಲ್ಲಿ ಎಡವುವುದು ಸುಲಭ. ಎರಡೂ ಪದಗಳು ಅನಂತಕ್ಕೆ ಹೋಗುತ್ತವೆ, ಅನಂತದಿಂದ ಅನಂತ ಕಳೆದರೆ ಸೊನ್ನೆ ಎಂದುಬಿಡುವುದು ಒಂದು ತಪ್ಪು. n² ಎದುರು n ತೀರಾ ಚಿಕ್ಕದು, ಅದನ್ನು ಬಿಟ್ಟರೆ √n² − n = 0 ಎನ್ನುವುದು ಇನ್ನೊಂದು. ಎರಡನೆಯದು ಹೆಚ್ಚು ಮೋಸದ್ದು, ಏಕೆಂದರೆ ಅದರ ಮೊದಲರ್ಧ ನಿಜ. n² ಗೆ ಹೋಲಿಸಿದರೆ n ಚಿಕ್ಕದೇ. ಆದರೆ ದೊಡ್ಡ ಭಾಗಗಳು ಒಂದನ್ನೊಂದು ಹೊಡೆದುಹಾಕಿದ ಮೇಲೆ ಉತ್ತರವಾಗಿ ಉಳಿಯುವುದೇ ಆ ಚಿಕ್ಕ ಭಾಗದ ಪರಿಣಾಮ. ಅದನ್ನು ಮೊದಲೇ ಎಸೆದರೆ ಉತ್ತರವನ್ನೇ ಎಸೆದಂತೆ. ಇನ್ನು √(n² + n) ಅನ್ನು n + √n ಎಂದು ಒಡೆದರಂತೂ ವ್ಯತ್ಯಾಸ √n ಆಗಿ ಅನಂತಕ್ಕೇ ಓಡುತ್ತದೆ. ಮೊತ್ತದ ವರ್ಗಮೂಲ ವರ್ಗಮೂಲಗಳ ಮೊತ್ತವಲ್ಲ.

ದಾರಿ ಇರುವುದು (a − b)(a + b) = a² − b² ಎಂಬ ಹಳೆಯ ಸೂತ್ರದಲ್ಲಿ. ಹೈಸ್ಕೂಲಿನಲ್ಲಿ ಕರಣಿಗಳ ಪಾಠ ಓದಿದವರಿಗೆ ಛೇದವನ್ನು ಅಕರಣೀಕರಿಸುವುದು ಗೊತ್ತು: ಛೇದದಲ್ಲಿ √3 − 1 ಇದ್ದರೆ ಮೇಲೂ ಕೆಳಗೂ √3 + 1 ರಿಂದ ಗುಣಿಸುತ್ತಾರೆ. ಇಲ್ಲಿ ಮಾಡುವುದೂ ಅದೇ ಕೆಲಸ, ಆದರೆ ತಿರುವುಮುರುವಾಗಿ. ವರ್ಗಮೂಲವನ್ನು ಅಂಶದಿಂದ ಛೇದಕ್ಕೆ ಇಳಿಸಬೇಕು. ಶಾಲೆಯಲ್ಲಿ ಬೇಡವೆಂದು ಕಲಿಸಿದ ರೂಪವೇ ಇಲ್ಲಿ ಬೇಕಾದದ್ದು.

ಹಾಗಾಗಿ √(n² + n) − n ಅನ್ನು √(n² + n) + n ರಿಂದ ಗುಣಿಸಿ, ಅದರಿಂದಲೇ ಭಾಗಿಸಬೇಕು. ಅಂಶದಲ್ಲಿ (n² + n) − n², ಅಂದರೆ ಬರೀ n ಉಳಿಯುತ್ತದೆ:

√(n² + n) − n = n / (√(n² + n) + n)

ಬೆಲೆ ಬದಲಾಗಿಲ್ಲ, ರೂಪ ಮಾತ್ರ ಬದಲಾಗಿದೆ. ಈಗ ಕಳೆಯುವ ಮಾತೇ ಇಲ್ಲ. ಛೇದದಲ್ಲಿರುವುದು ಎರಡು ಧನ ಸಂಖ್ಯೆಗಳ ಮೊತ್ತ. ಅಂಶ, ಛೇದ ಎರಡನ್ನೂ n ರಿಂದ ಭಾಗಿಸಿದರೆ, ವರ್ಗಮೂಲದೊಳಗೆ ಅದು n² ರಿಂದ ಭಾಗಿಸಿದಂತಾಗಿ, 1 / (√(1 + 1/n) + 1) ಸಿಗುತ್ತದೆ. n ಬೆಳೆದಂತೆ 1/n ಸೊನ್ನೆಯತ್ತ ಸಾಗುತ್ತದೆ, ವರ್ಗಮೂಲ 1ರತ್ತ ಸಾಗುತ್ತದೆ, ಛೇದ 2ರತ್ತ. ಮಿತಿ 1/2.

ಅರ್ಧವೇ ಏಕೆ ಎಂಬುದಕ್ಕೂ ಉತ್ತರವಿದೆ. n + 1/2 ರ ವರ್ಗ n² + n + 1/4. ಅಂದರೆ n² + n ಎಂಬುದು ಈ ಪೂರ್ಣವರ್ಗಕ್ಕಿಂತ ಬರೀ ಕಾಲು ಕಡಿಮೆ. n ದೊಡ್ಡದಾದಾಗ ಆ ಕಾಲು ಲೆಕ್ಕಕ್ಕೆ ಬಾರದು, ಆದ್ದರಿಂದ ವರ್ಗಮೂಲ n + 1/2 ಕ್ಕಿಂತ ತುಸುವೇ ಕೆಳಗಿರುತ್ತದೆ. ಎಷ್ಟು ಕೆಳಗೆ? ಅದಕ್ಕೂ ಇದೇ ಅಕರಣೀಕರಣ ಮಾಡಿದರೆ, ಕಾಲನ್ನು ಸುಮಾರು 2n ರಿಂದ ಭಾಗಿಸಬೇಕಾಗುತ್ತದೆ. ಕೊರತೆ ಸುಮಾರು 1/(8n). n = 100 ಕ್ಕೆ ಅದು 0.00125, ಮೇಲಿನ 0.4988 ಕ್ಕೆ ಸರಿಹೊಂದುತ್ತದೆ. n ಬದಲು 3n ಸೇರಿಸಿ √(n² + 3n) − n ಎಂದರೆ ಮಿತಿ 3/2; √(n² + 1) − n ಆದರೆ ಅಂಶದಲ್ಲಿ 1 ಮಾತ್ರ ಉಳಿದು ಮಿತಿ ಸೊನ್ನೆ.

ಎಲ್ಲ ವ್ಯತ್ಯಾಸಕ್ಕೂ ಈ ಶ್ರಮ ಬೇಡ. √(4n² + n) − n ನಲ್ಲಿ ಮೊದಲ ಪದ 2n ನಂತೆ ಬೆಳೆಯುವುದರಿಂದ ವ್ಯತ್ಯಾಸವೂ n ನಂತೆ ಬೆಳೆದು ಅನಂತಕ್ಕೆ ಹೋಗುತ್ತದೆ. ದೊಡ್ಡ ಭಾಗಗಳು ಹೊಡೆದುಹೋಗುವುದು 2n ಕಳೆದಾಗ ಮಾತ್ರ. ಆಗ ಮಿತಿ 1/4.

ಚರಾಕ್ಷರ ಋಣ ದಿಕ್ಕಿನಲ್ಲಿ ಸಾಗುವಾಗ ಎಚ್ಚರ ಬೇಕು. x ಋಣ ಅನಂತದತ್ತ ಹೋಗುವಾಗ √(x² + x) + x ನ ಮಿತಿ −1/2. ಅಲ್ಲಿ √x² ಎಂದರೆ x ಅಲ್ಲ, −x. ಇದನ್ನು ಮರೆತರೆ ಚಿಹ್ನೆ ತಪ್ಪಿ ಛೇದ ಸೊನ್ನೆಯತ್ತ ಹೋಗುತ್ತದೆ, ಮಿತಿಯೇ ಇಲ್ಲವೆನಿಸುತ್ತದೆ.

ಕಂಪ್ಯೂಟರಿಗೂ ಈ ರೂಪಾಂತರ ಬೇಕಾಗುತ್ತದೆ. ಸಾಮಾನ್ಯವಾಗಿ ಅದು ದಶಮಾಂಶ ಸಂಖ್ಯೆಯ 15–16 ಅಂಕಿಗಳನ್ನಷ್ಟೇ ನೆನಪಿಡುತ್ತದೆ. n ಅನ್ನು 10¹⁷ ಎಂದಿಟ್ಟರೆ n² ಗೆ n ಕೂಡಿಸಿದ್ದು ದಾಖಲಾಗುವುದೇ ಇಲ್ಲ, √(n² + n) − n ಸೊನ್ನೆ ತೋರಿಸುತ್ತದೆ. ಅದೇ ಯಂತ್ರಕ್ಕೆ n / (√(n² + n) + n) ಕೊಟ್ಟರೆ 0.5 ಬರುತ್ತದೆ.